ಲಗ್ನ, ಚಂದ್ರ, ಶುಕ್ರ: ಕುಜದೋಷದ ಮೂರು ಎಣಿಕೆಗಳು



ಒಂದೇ ಜಾತಕವನ್ನು ಮೂವರು ಜ್ಯೋತಿಷಿಗಳ ಮುಂದಿಟ್ಟರೆ ಒಬ್ಬರು ಕುಜದೋಷ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಇದೆ ಎನ್ನುತ್ತಾರೆ, ಮತ್ತೊಬ್ಬರು ದೋಷವಿತ್ತು, ಆದರೆ ಭಂಗವಾಗಿದೆ ಎನ್ನುತ್ತಾರೆ. ಸಾಲಾವಳಿ ನೋಡಿಸಲು ಹೋದ ಮನೆಯವರಿಗೆ ಇವರಲ್ಲಿ ಯಾರಿಗೋ ಲೆಕ್ಕ ಬರುವುದಿಲ್ಲ ಎಂದು ಅನ್ನಿಸುವುದು ಸಹಜ. ಆದರೆ ಬಹುಪಾಲು ಸಂದರ್ಭಗಳಲ್ಲಿ ಮೂವರ ಲೆಕ್ಕವೂ ಸರಿಯಾಗಿಯೇ ಇರುತ್ತದೆ. ಅವರು ಎಣಿಸಲು ಆರಂಭಿಸಿದ ಜಾಗ ಬೇರೆ, ದೋಷವೆಂದು ಒಪ್ಪಿಕೊಂಡ ಮನೆಗಳ ಪಟ್ಟಿ ಬೇರೆ, ಬಿಟ್ಟುಕೊಡುವ ಅಪವಾದಗಳು ಬೇರೆ. ಈ ಮೂರರಲ್ಲಿ ಮೊದಲನೆಯದನ್ನು, ಅಂದರೆ ಲಗ್ನದಿಂದಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಕುಜನನ್ನು ಎಣಿಸುವ ಪದ್ಧತಿಯನ್ನು, ಇಂದು ಮುಖ್ಯವಾಗಿ ಪರಿಶೀಲಿಸುತ್ತೇನೆ. ಈ ಮೂರು ಎಣಿಕೆಗಳು ಒಂದೇ ತೂಕದವಲ್ಲ, ಒಂದೇ ಪ್ರಶ್ನೆಗೆ ಉತ್ತರವೂ ಅಲ್ಲ. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಸಿಕ್ಕಿದರೆ ಸಾಕು, ದೋಷ ಎಂದು ತೀರ್ಮಾನಿಸುವ ರೂಢಿಗೆ ಶಾಸ್ತ್ರದೊಳಗೇ ಆಧಾರ ಕಡಿಮೆ ಎಂಬುದು ನನ್ನ ವಾದ.

ನಿಯಮವನ್ನು ಮೊದಲು ಸ್ಪಷ್ಟವಾಗಿ ಇಟ್ಟುಕೊಳ್ಳೋಣ. ದಕ್ಷಿಣದಲ್ಲಿ ಹೆಚ್ಚು ಬಳಕೆಯಲ್ಲಿರುವ ಪಟ್ಟಿಯಲ್ಲಿ 2, 4, 7, 8 ಮತ್ತು 12ನೆಯ ಮನೆಗಳಿವೆ. ಉತ್ತರದಲ್ಲಿ ಹೆಚ್ಚು ಬಳಕೆಯಲ್ಲಿರುವ ಪಟ್ಟಿಯಲ್ಲಿ 2ರ ಬದಲು 1 ಇದೆ. ಉಳಿದ ನಾಲ್ಕು ಅವೇ. ಪರಂಪರೆಯಿಂದ ಬಂದ ಶ್ಲೋಕದ ಮೊದಲ ಪದ ಒಂದು ಪಾಠದಲ್ಲಿ ಧನಸ್ಥಾನವನ್ನೂ ಇನ್ನೊಂದು ಪಾಠದಲ್ಲಿ ಲಗ್ನವನ್ನೂ ಹೇಳುವುದರಿಂದ ಹುಟ್ಟಿದ ವ್ಯತ್ಯಾಸ ಇದು. ಎರಡನ್ನೂ ಸೇರಿಸಿ ಆರು ಮನೆಗಳನ್ನು ಹಿಡಿಯುವವರೂ ಇದ್ದಾರೆ. ಸಾಲಾವಳಿ ನೋಡುವವರು ಎಲ್ಲಿಂದ ಎಣಿಸುತ್ತಾರೆ ಎಂಬ ಪ್ರಶ್ನೆ ಇದಕ್ಕಿಂತ ಪ್ರತ್ಯೇಕವಾದದ್ದು. ಲಗ್ನ ಮಾತ್ರ ಸಾಕು ಎನ್ನುವವರಿದ್ದಾರೆ, ಲಗ್ನ ಮತ್ತು ಚಂದ್ರ ಎನ್ನುವವರಿದ್ದಾರೆ, ಮೂರೂ ಬೇಕು ಎನ್ನುವವರಿದ್ದಾರೆ. ಮೂರೂ ಬೇಕು ಎನ್ನುವವರಲ್ಲೂ ಒಮ್ಮತವಿಲ್ಲ. ಲಗ್ನದಿಂದ ಬಂದ ದೋಷ ದುರ್ಬಲ, ಚಂದ್ರನಿಂದ ಬಂದದ್ದು ಅದಕ್ಕಿಂತ ಬಲವಾದದ್ದು, ಶುಕ್ರನಿಂದ ಬಂದದ್ದು ಎಲ್ಲಕ್ಕಿಂತ ಬಲವಾದದ್ದು ಎಂದು ಒಂದು ಪಕ್ಷ ಹೇಳುತ್ತದೆ. ದೋಷಸಾಮ್ಯವನ್ನು ಅಂಕಗಳಲ್ಲಿ ತೂಗುವ ಇನ್ನೊಂದು ಪಕ್ಷ ಲಗ್ನಕ್ಕೆ ಪೂರ್ಣಾಂಕ, ಚಂದ್ರನಿಗೆ ಅದರ ಅರ್ಧ, ಶುಕ್ರನಿಗೆ ಕಾಲು ಕೊಡುತ್ತದೆ. ಎರಡೂ ಕ್ರಮಗಳು ಒಂದಕ್ಕೊಂದು ತದ್ವಿರುದ್ಧ. ಒಂದೇ ಶಾಸ್ತ್ರದ ಎರಡು ಶಾಖೆಗಳು ಬಲದ ಏಣಿಯನ್ನೇ ತಲೆಕೆಳಗಾಗಿ ನಿಲ್ಲಿಸಿದಾಗ, ಆ ಏಣಿಗೆ ಮೂಲದಲ್ಲಿ ಏನು ಆಧಾರವಿತ್ತು ಎಂದು ಕೇಳಲೇಬೇಕಾಗುತ್ತದೆ.

ಮೂಲಕ್ಕೆ ಹೋದರೆ ಮೊದಲು ಸಿಗುವುದು ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕ. ಅದರ ಸ್ತ್ರೀಜಾತಕಾಧ್ಯಾಯದಲ್ಲಿ ಇಂದಿನ ಐದು ಮನೆಗಳ ಪಟ್ಟಿ ಇಲ್ಲ. ಹೆಣ್ಣಿನ ಶರೀರಲಕ್ಷಣವನ್ನು ಲಗ್ನ ಮತ್ತು ಚಂದ್ರನಿಂದಲೂ, ಸೌಭಾಗ್ಯವನ್ನೂ ಗಂಡನನ್ನೂ 7ನೆಯ ಮನೆಯಿಂದಲೂ, ಗಂಡನ ಮರಣವನ್ನು 8ರಿಂದಲೂ ನೋಡಬೇಕೆಂದು ಅಲ್ಲಿ ಹೇಳಿದೆ; 7ರಲ್ಲಿ ಕುಜನಿದ್ದರೆ ಎಳವೆಯಲ್ಲೇ ವೈಧವ್ಯ ಎಂಬ ಮಾತೂ ಇದೆ. ಚಂದ್ರನನ್ನು ಲಗ್ನದ ಜೊತೆ ಇನ್ನೊಂದು ಆರಂಭಬಿಂದುವಾಗಿ ಹಿಡಿಯುವ ಅಭ್ಯಾಸ ಹೀಗೆ ಹಳೆಯದು, ಗೌರವಕ್ಕೆ ಅರ್ಹವಾದದ್ದು. ಆದರೆ ಅಲ್ಲಿ ಚಂದ್ರನ ಹೆಸರು ಬಂದಿರುವುದು ಶರೀರದ ವಿಚಾರದಲ್ಲಿ. ಈಗ ಅಚ್ಚಿನಲ್ಲಿ ಸಿಗುವ ಬೃಹತ್ಪಾರಾಶರ ಹೋರಾಶಾಸ್ತ್ರದ ಸ್ತ್ರೀಜಾತಕ ಭಾಗಕ್ಕೆ ಬಂದರೆ ನಮಗೆ ಪರಿಚಿತವಾದ ಪಟ್ಟಿ ಸಿಗುತ್ತದೆ: 1, 12, 4, 7, 8. ಅಲ್ಲಿ ಎಣಿಕೆ ಲಗ್ನದಿಂದ ಮಾತ್ರ. ಅದಕ್ಕೊಂದು ಷರತ್ತೂ ಇದೆ. ಕುಜನಿಗೆ ಶುಭಗ್ರಹದ ದೃಷ್ಟಿಯೂ ಇರಬಾರದು, ಯೋಗವೂ ಇರಬಾರದು. ಹಾಗಿದ್ದಾಗ ಮಾತ್ರ ಆ ಫಲ.

ಆ ಷರತ್ತನ್ನು ಹಿಡಿದು ಶುಕ್ರನಿಂದ ಎಣಿಸಲು ಹೊರಟರೆ ಏನಾಗುತ್ತದೆ ಎಂದು ನಿಧಾನವಾಗಿ ನೋಡೋಣ. ಎಲ್ಲ ಗ್ರಹಗಳಿಗೂ ತಮ್ಮಿಂದ 7ನೆಯ ಮನೆಯ ಮೇಲೆ ಪೂರ್ಣದೃಷ್ಟಿ ಇದೆ. ಶುಕ್ರ ನೈಸರ್ಗಿಕ ಶುಭಗ್ರಹ, ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಾಗಾದರೆ ಕುಜನು ಶುಕ್ರನಿಂದ 7ರಲ್ಲಿದ್ದಾನೆ ಎಂದರೆ ಶುಕ್ರನು ಕುಜನನ್ನು ನೋಡುತ್ತಿದ್ದಾನೆ ಎಂದೇ ಅರ್ಥ. ಕುಜನು ಶುಕ್ರನಿರುವ ರಾಶಿಯಲ್ಲೇ ಇದ್ದರೆ, ಅಂದರೆ ಶುಕ್ರನಿಂದ 1ರಲ್ಲಿದ್ದರೆ, ಅದು ಶುಭಯೋಗ. ಪಾರಾಶರದ ಷರತ್ತು ಈ ಎರಡೂ ಸ್ಥಾನಗಳಲ್ಲಿ ಎಂದೆಂದಿಗೂ ಪೂರೈಸುವುದಿಲ್ಲ. ಶುಕ್ರನಿಂದ ಎಣಿಸುವವರು ಅತಿ ಭಯಂಕರವೆಂದು ಹೇಳುವ 7ನೆಯ ಸ್ಥಾನವೇ ಮೂಲದ ಮಾತಿನ ಪ್ರಕಾರ ದೋಷವಾಗಲಾರದು. ಚಂದ್ರನನ್ನು ಶುಭನೆಂದು ಒಪ್ಪುವ ಶುಕ್ಲಪಕ್ಷದ ಬಲಿಷ್ಠ ಚಂದ್ರನ ಸಂದರ್ಭದಲ್ಲಿ ಚಂದ್ರನಿಂದ 7ನೆಯದಕ್ಕೂ ಇದೇ ಗತಿ. ಲಗ್ನಕ್ಕೆ ಈ ತೊಡಕಿಲ್ಲ, ಏಕೆಂದರೆ ಲಗ್ನ ಒಂದು ಬಿಂದು, ಗ್ರಹವಲ್ಲ; ಅದಕ್ಕೆ ದೃಷ್ಟಿ ಇಲ್ಲ. ಲಗ್ನಕ್ಕೆಂದು ಹೇಳಿದ ನಿಯಮವನ್ನು ಗ್ರಹಗಳಿಗೆ ದಾಟಿಸುವಾಗ ಪಟ್ಟಿಯನ್ನು ತಂದು ಷರತ್ತನ್ನು ಹಿಂದೆಯೇ ಬಿಟ್ಟುಬಂದಿದ್ದಾರೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಕಾಲದ ಅಳತೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ. ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ಶುಕ್ರ ನೇರಗತಿಯಲ್ಲಿ ಸುಮಾರು 25 ದಿನ, ಕುಜ ಸುಮಾರು ಒಂದೂವರೆ ತಿಂಗಳು. ವಕ್ರಗತಿ ಬಂದರೆ ಇಬ್ಬರೂ ತಿಂಗಳುಗಟ್ಟಲೆ ಒಂದೇ ರಾಶಿಯಲ್ಲಿ ನಿಲ್ಲುತ್ತಾರೆ. ಆದ್ದರಿಂದ ಲಗ್ನದಿಂದ ಎಣಿಸಿದ ದೋಷ ಒಂದು ಊರಿನಲ್ಲಿ ಎರಡು ಗಂಟೆಯ ಅವಧಿಯಲ್ಲಿ ಹುಟ್ಟಿದವರಿಗೆ ಸೇರಿದ್ದು. ಚಂದ್ರನಿಂದ ಎಣಿಸಿದ್ದು ಎರಡು ದಿನ ಭೂಮಿಯ ಮೇಲೆ ಎಲ್ಲಿ ಹುಟ್ಟಿದವರಿಗೂ ಸೇರಿದ್ದು. ಶುಕ್ರನಿಂದ ಎಣಿಸಿದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಜಗತ್ತಿನ ಎಲ್ಲ ಮಕ್ಕಳಿಗೂ ಸೇರಿದ್ದು. ಇವನ್ನು ಒಂದೇ ಪಟ್ಟಿಯಲ್ಲಿ ಸಮವಾಗಿ ಬರೆಯುವುದು ಸೇರು, ಪಾವು, ಚಟಾಕುಗಳನ್ನು ಬರಿಯ ಸಂಖ್ಯೆಯಾಗಿ ಕೂಡಿಸಿದಂತೆ.

2018ನೆಯ ಇಸವಿ ಇದನ್ನು ತೋರಿಸಲು ಒಳ್ಳೆಯ ಉದಾಹರಣೆ. ಲಾಹಿರಿ ಅಯನಾಂಶದ ಪ್ರಕಾರ ಆ ವರ್ಷ ಕುಜ ಮೇ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ, ಹೆಚ್ಚುಕಡಿಮೆ ಆರು ತಿಂಗಳು, ತನ್ನ ಉಚ್ಚರಾಶಿಯಾದ ಮಕರದಲ್ಲೇ ಇದ್ದ. ಶುಕ್ರ ಮೇ ಮಧ್ಯದಲ್ಲಿ ಮಿಥುನಕ್ಕೆ ಬಂದ. ಮಿಥುನದಿಂದ ಮಕರ 8ನೆಯದು. ಜೂನ್ ಎರಡನೆಯ ವಾರದ ಸುಮಾರಿಗೆ ಕಟಕಕ್ಕೆ ದಾಟಿದ. ಅಲ್ಲಿಂದ ಮಕರ 7ನೆಯದು. ಜುಲೈ ಮತ್ತು ಆಗಸ್ಟ್‌ನಲ್ಲಿ ಸಿಂಹ, ಕನ್ಯೆಗಳಲ್ಲಿದ್ದಾಗ ಮಕರ 6ನೆಯದು, 5ನೆಯದು, ದೋಷವಿಲ್ಲ. ಸೆಪ್ಟೆಂಬರ್ ಆರಂಭದಲ್ಲಿ ತುಲೆಗೆ ಬಂದವನು ಅಲ್ಲಿಯೇ ವಕ್ರಿಯಾಗಿ, ಕುಜ ಮಕರ ಬಿಡುವವರೆಗೂ ತುಲೆಯಲ್ಲೇ ಉಳಿದ. ತುಲೆಯಿಂದ ಮಕರ 4ನೆಯದು. ಅಂದರೆ ಸೆಪ್ಟೆಂಬರ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಬೀದರಿನಲ್ಲಿ ಹುಟ್ಟಿರಲಿ, ಮಂಗಳೂರಿನಲ್ಲಿ ಹುಟ್ಟಿರಲಿ, ಅಮೆರಿಕದಲ್ಲಿ ಹುಟ್ಟಿರಲಿ, ಪ್ರತಿಯೊಂದು ಮಗುವಿಗೂ ಶುಕ್ರನಿಂದ ಕುಜದೋಷ. ಜುಲೈ ಕೊನೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಶುಕ್ರನಿಂದ ಕುಜದೋಷವಿಲ್ಲ. ಈ ಮಕ್ಕಳೆಲ್ಲ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಕೂತಿದ್ದಾರೆ. ನಾಳೆ ಅವರ ಸಂಬಂಧಗಳನ್ನು ನೋಡುವಾಗ ಹುಟ್ಟಿದ ತಿಂಗಳನ್ನು ಕೇಳಿದರೆ ಸಾಕು, ಜಾತಕವನ್ನು ಬಿಡಿಸುವ ಅಗತ್ಯವೇ ಇಲ್ಲ. ಒಬ್ಬ ವ್ಯಕ್ತಿಯ ದಾಂಪತ್ಯದ ಬಗ್ಗೆ ಹೇಳುತ್ತೇವೆಂದು ಹೊರಟ ಎಣಿಕೆಯೊಂದು ಹೀಗೆ ಇಡೀ ತಲೆಮಾರಿನ ತುಂಡುಗಳನ್ನು ಕತ್ತರಿಸಿ ಕೊಡುವುದಾದರೆ, ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬಲವನ್ನು ಕೊಡುವ ಪಕ್ಷವನ್ನು ಒಪ್ಪುವುದು ಕಷ್ಟ.

ಎಷ್ಟು ಜನರಿಗೆ ಈ ದೋಷ ತಗುಲುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಬಹುದು. ಐದು ಮನೆಗಳ ಪಟ್ಟಿಯಲ್ಲಿ ಲಗ್ನದಿಂದ ಮಾತ್ರ ಎಣಿಸಿದರೆ ಹನ್ನೆರಡರಲ್ಲಿ ಐದು ಪಾಲು, ಸುಮಾರು 42 ಶೇಕಡ. ಮೂರು ಕಡೆಯಿಂದ ಎಣಿಸಿದಾಗ ದೋಷದಿಂದ ಪಾರಾಗಲು ಮೂರು ಬಾರಿಯೂ ಉಳಿದ ಏಳು ಮನೆಗಳಲ್ಲೇ ಬೀಳಬೇಕು. ಹನ್ನೆರಡರಲ್ಲಿ ಏಳು ಪಾಲನ್ನು ಮೂರು ಬಾರಿ ಗುಣಿಸಿದರೆ 1728ರಲ್ಲಿ 343, ಅಂದರೆ ಸುಮಾರು 20 ಶೇಕಡ. ಉಳಿದ 80 ಶೇಕಡ ಜನರಿಗೆ ದೋಷ. ಆರು ಮನೆಗಳನ್ನು ಹಿಡಿದರೆ ಇದು ಸುಮಾರು 88ಕ್ಕೆ ಏರುತ್ತದೆ. ಇದು ಅಂದಾಜು ಲೆಕ್ಕ ಎಂಬುದನ್ನು ಮರೆಯಬಾರದು. ಶುಕ್ರ ಸೂರ್ಯನಿಂದ 47 ಅಂಶಕ್ಕಿಂತ ದೂರ ಹೋಗುವುದಿಲ್ಲ, ಕುಜನೂ ಸೂರ್ಯನ ಆಚೆ ಬದಿಯಲ್ಲಿರುವಾಗ ಅವನ ಸಮೀಪದಲ್ಲಿ ಬಹುಕಾಲ ಕಾಣಿಸುತ್ತಾನೆ. ಹೀಗಾಗಿ ಶುಕ್ರನಿಂದ 1, 2, 12ರಲ್ಲಿ ಕುಜ ಸಿಗುವುದು ಹೆಚ್ಚು, 7ರಲ್ಲಿ ಸಿಗುವುದು ಕಡಿಮೆ. ಈ ತಿದ್ದುಪಡಿಯಿಂದ ಸಂಖ್ಯೆ ಸ್ವಲ್ಪ ಆಚೀಚೆ ಆಗಬಹುದು, ಚಿತ್ರ ಬದಲಾಗುವುದಿಲ್ಲ. ಐವರಲ್ಲಿ ನಾಲ್ವರಿಗೆ ಇರುವುದನ್ನು ದೋಷ ಎನ್ನುವುದು ಹೇಗೆ?

ಅಪವಾದಗಳು ಇರುವುದೇ ಇದನ್ನು ಸರಿಪಡಿಸಲು ಎಂದು ಇದಕ್ಕೆ ಉತ್ತರ ಬರುತ್ತದೆ. ಉತ್ತರ ಗಂಭೀರವಾದದ್ದು, ಅದನ್ನೂ ಅಳೆದು ನೋಡೋಣ. ಬೆಂಗಳೂರಿನ ಬಿ.ವಿ. ರಾಮನ್ ಅವರು ಮುಹೂರ್ತವನ್ನು ಕುರಿತ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಪಟ್ಟಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. 2ನೆಯ ಮನೆ ಮಿಥುನ ಅಥವಾ ಕನ್ಯೆಯಾದರೆ ದೋಷವಿಲ್ಲ. 12ನೆಯದು ವೃಷಭ ಅಥವಾ ತುಲೆಯಾದರೆ, 4ನೆಯದು ಮೇಷ ಅಥವಾ ವೃಶ್ಚಿಕವಾದರೆ, 7ನೆಯದು ಕಟಕ ಅಥವಾ ಮಕರವಾದರೆ, 8ನೆಯದು ಧನುಸ್ಸು ಅಥವಾ ಮೀನವಾದರೆ ದೋಷವಿಲ್ಲ. ಸಿಂಹ, ಕುಂಭಗಳಲ್ಲಿ ಕುಜನಿಗೆ ದೋಷವೇ ಇಲ್ಲ. ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಅಚ್ಚುಕಟ್ಟು ಕಾಣುತ್ತದೆ. ಎರಡು ರಾಶಿಗಳು ಪೂರ್ತಿ ಮುಕ್ತ, ಉಳಿದ ಹತ್ತರಲ್ಲಿ ಪ್ರತಿಯೊಂದಕ್ಕೂ ಸರಿಯಾಗಿ ಒಂದೊಂದು ಮನೆಯ ವಿನಾಯಿತಿ; ಯಾವ ರಾಶಿಯೂ ಎರಡು ಬಾರಿ ಬಂದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಅನುಭವದಿಂದ ಒಂದೊಂದಾಗಿ ಕೂಡಿಬಂದ ಪಟ್ಟಿ ಇಷ್ಟು ಸಮವಾಗಿರುವುದು ಅಪರೂಪ. ಹಂಚಿಕೆಯ ತರ್ಕದಿಂದ ಇದು ರೂಪುಗೊಂಡಿರಬೇಕೆಂದು ನನಗೆ ತೋರುತ್ತದೆ. ಈ ವಿನಾಯಿತಿಗಳನ್ನು ಹಾಕಿದರೆ ಲಗ್ನದಿಂದ ಮಾತ್ರ ಎಣಿಸಿದ 42 ಶೇಕಡ ಸುಮಾರು 28ಕ್ಕೆ ಇಳಿಯುತ್ತದೆ. ಮೂರು ಕಡೆಯ ಎಣಿಕೆಯ 80 ಶೇಕಡ ಸುಮಾರು 59ಕ್ಕೆ ಇಳಿಯುತ್ತದೆ. ಅಂದರೆ ಇಷ್ಟೆಲ್ಲ ವಿನಾಯಿತಿ ಕೊಟ್ಟ ಮೇಲೂ ಮೂರು ಕಡೆಯಿಂದ ಎಣಿಸಿದವರ ಬಳಿ ಅರ್ಧಕ್ಕಿಂತ ಹೆಚ್ಚು ಜನ ದೋಷವುಳ್ಳವರೇ. ಅಪವಾದಗಳು ಭಾರವನ್ನು ಇಳಿಸುತ್ತವೆ, ಆದರೆ ಭಾರ ಹೇರಿದ್ದು ಆರಂಭಬಿಂದುಗಳ ಸಂಖ್ಯೆ.

ಪದ್ಧತಿಗಳು ಒಂದೇ ಜಾತಕದಲ್ಲಿ ಹೇಗೆ ಬೇರೆಯಾಗುತ್ತವೆ ಎಂಬುದಕ್ಕೆ ಒಂದು ಕಲ್ಪಿತ ಜಾತಕವನ್ನು ಹಾಕಿಕೊಳ್ಳೋಣ. ಲಗ್ನ ಸಿಂಹದಲ್ಲಿ 28 ಅಂಶ 50 ಕಲೆ, ಕುಜ ಕನ್ಯೆಯಲ್ಲಿ 3 ಅಂಶ, ಚಂದ್ರ ಮೀನದಲ್ಲಿ, ಶುಕ್ರ ಕಟಕದಲ್ಲಿ. ರಾಶಿಗಳನ್ನು ಎಣಿಸಿದರೆ ಕುಜ ಲಗ್ನದಿಂದ 2ರಲ್ಲಿ, ಚಂದ್ರನಿಂದ 7ರಲ್ಲಿ, ಶುಕ್ರನಿಂದ 3ರಲ್ಲಿ. ಲಗ್ನವನ್ನು ಮಾತ್ರ ನೋಡುವ ಉತ್ತರದ ಜ್ಯೋತಿಷಿಗೆ 2 ಪಟ್ಟಿಯಲ್ಲೇ ಇಲ್ಲ, ದೋಷವಿಲ್ಲ ಎನ್ನುತ್ತಾರೆ. ದಕ್ಷಿಣದವರಿಗೆ 2 ಪಟ್ಟಿಯಲ್ಲಿದೆ, ಆದರೆ 2ನೆಯ ಮನೆ ಕನ್ಯೆಯಾದ್ದರಿಂದ ಭಂಗವಾಯಿತು ಎನ್ನುತ್ತಾರೆ. ಚಂದ್ರನಿಂದಲೂ ಎಣಿಸುವವರಿಗೆ 7 ಸಿಗುತ್ತದೆ, ಕನ್ಯೆಯ ವಿನಾಯಿತಿ 2ನೆಯ ಮನೆಗೆ ಮಾತ್ರ ಇರುವುದರಿಂದ ದೋಷ ಉಳಿಯುತ್ತದೆ. ಇಲ್ಲಿಗೆ ಮೂರು ಉತ್ತರಗಳಾದವು. ಈಗ ರಾಶಿ ಬಿಟ್ಟು ಭಾವಕುಂಡಲಿ ಹಾಕೋಣ. ಶ್ರೀಪತಿ ಪದ್ಧತಿಯಲ್ಲಿ ಲಗ್ನಬಿಂದು ಮೊದಲ ಭಾವದ ಮಧ್ಯ. ಆ ಭಾವ ಎರಡೂ ಬದಿಗೆ ಸುಮಾರು 15 ಅಂಶ ಚಾಚಿರುತ್ತದೆ. ಕುಜ ಲಗ್ನಬಿಂದುವಿನಿಂದ ಬರೀ 4 ಅಂಶ 10 ಕಲೆ ಮುಂದಿದ್ದಾನೆ, ಆದ್ದರಿಂದ ಮೊದಲ ಭಾವದಲ್ಲೇ ಇದ್ದಾನೆ. ಈಗ ದೋಷ ಹೇಳಬೇಕಾದವರು ಉತ್ತರದವರು, ಇಲ್ಲ ಎನ್ನಬೇಕಾದವರು ದಕ್ಷಿಣದವರು. ಇಬ್ಬರೂ ಜಾಗ ಬದಲಿಸಿಕೊಂಡರು. ಅಯನಾಂಶವನ್ನು ಬದಲಿಸಿದರೂ ಇದೇ ಆಗುತ್ತದೆ. ರಾಮನ್ ಅಯನಾಂಶ ಲಾಹಿರಿಗಿಂತ ಸುಮಾರು ಒಂದೂವರೆ ಅಂಶ ಕಡಿಮೆ. ಹಾಗಾಗಿ ಲಗ್ನವೇ ಕನ್ಯೆಗೆ ದಾಟುತ್ತದೆ, ಕುಜ ರಾಶಿಯ ಪ್ರಕಾರವೂ ಲಗ್ನದಲ್ಲೇ ಕೂರುತ್ತಾನೆ. ಹುಟ್ಟಿದ ಹೊತ್ತನ್ನು ಐದಾರು ನಿಮಿಷ ತಡವಾಗಿ ಬರೆದಿದ್ದರೂ ಪರಿಣಾಮ ಇದೇ. ಆದರೆ ಇಷ್ಟೆಲ್ಲ ಬದಲಾದರೂ ಚಂದ್ರನಿಂದ 7, ಶುಕ್ರನಿಂದ 3 ಎಂಬುದು ಮಾತ್ರ ಅಲುಗಲಿಲ್ಲ. ಚಂದ್ರ, ಶುಕ್ರರು ರಾಶಿಯ ನಡುವೆ ಇದ್ದರೆ ಅವು ಅಲುಗುವುದೂ ಇಲ್ಲ.

ನನ್ನ ವಾದಕ್ಕೆ ಬರಬಹುದಾದ ಅತಿ ಬಲವಾದ ಆಕ್ಷೇಪ ಇರುವುದೂ ಇಲ್ಲಿಯೇ. ಹುಟ್ಟಿದ ಹೊತ್ತನ್ನು ನಿಖರವಾಗಿ ಬರೆದಿಡದ ಮನೆಗಳಲ್ಲಿ, ಜನ್ಮನಕ್ಷತ್ರ ಮಾತ್ರ ನೆನಪಿರುವ ಮನೆಗಳಲ್ಲಿ, ಲಗ್ನದ ಎಣಿಕೆಯನ್ನು ನಂಬುವುದು ಹೇಗೆ? ಚಂದ್ರರಾಶಿ ತಿಳಿದಿರುತ್ತದೆ, ಕುಜ ಎಲ್ಲಿದ್ದಾನೆಂದು ಪಂಚಾಂಗ ಹೇಳುತ್ತದೆ, ಅಷ್ಟು ಸಾಕಲ್ಲವೆ? ಇದನ್ನು ನಾನು ಒಪ್ಪುತ್ತೇನೆ. ಹೊತ್ತು ಸಂದೇಹದಲ್ಲಿದ್ದಾಗ ಚಂದ್ರನಿಂದ ಎಣಿಸುವುದು ನ್ಯಾಯವಾದದ್ದು. ಆದರೆ ಆಗ ಅದು ಲಗ್ನದ ಬದಲಿಗೆ ಬಂದದ್ದು, ಲಗ್ನದ ಜೊತೆಗೆ ಇನ್ನೊಂದು ದೋಷವಾಗಿ ಬಂದದ್ದಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಜನನದ ನಿಮಿಷವೂ ಸಿಗುವಾಗ, ಲಗ್ನ ರಾಶಿಯ ಅಂಚಿನಲ್ಲಿಲ್ಲದಿದ್ದಾಗ, ಬದಲಿಯ ಅಗತ್ಯ ಎಲ್ಲಿದೆ? ಆಗ ಚಂದ್ರನ ಎಣಿಕೆ ಲಗ್ನದ ಮಾತನ್ನು ಗಟ್ಟಿಮಾಡಬಹುದು ಅಥವಾ ಸಡಿಲಮಾಡಬಹುದು, ತಾನೇ ಒಂದು ತೀರ್ಪಾಗಬಾರದು.

ಎರಡನೆಯ ಆಕ್ಷೇಪ ಕಾರಕತ್ವದ್ದು. ಶುಕ್ರ ಕಳತ್ರಕಾರಕ, ಮದುವೆಯ ವಿಚಾರಕ್ಕೆ ಅವನಿಂದ ಎಣಿಸದೆ ಇನ್ನಾರಿಂದ ಎಣಿಸುವುದು ಎನ್ನುತ್ತಾರೆ. ಕಾರಕನಿಂದ ಭಾವಗಳನ್ನು ನೋಡುವ ಕ್ರಮ ಶಾಸ್ತ್ರದಲ್ಲಿ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ತರ್ಕವನ್ನು ಕೊನೆಯವರೆಗೆ ನಡೆಸಬೇಕು. ಹೆಣ್ಣಿನ ಜಾತಕದಲ್ಲಿ ಗಂಡನಿಗೆ ಗುರುವನ್ನು ಕಾರಕನಾಗಿ ಹಿಡಿಯುವವರು ಬಹಳ ಮಂದಿ. ಅವರಲ್ಲಿ ಗುರುವಿನಿಂದ ಕುಜದೋಷ ಎಣಿಸುವವರನ್ನು ಕಾಣುವುದು ಕಷ್ಟ. ಹೆಣ್ಣಿಗಾಗಿ ಹೇಳಿದ ನಿಯಮಕ್ಕೆ ಗಂಡಿನ ಪತ್ನೀಕಾರಕನನ್ನು ಜೋಡಿಸಿ, ಅದನ್ನು ಮತ್ತೆ ಹೆಣ್ಣಿನ ಜಾತಕಕ್ಕೆ ಹಚ್ಚುವುದು ಕಾರಕತ್ವದ ತರ್ಕಕ್ಕೇ ಒಪ್ಪುವುದಿಲ್ಲ. ಜೊತೆಗೆ ಹಿಂದೆ ಹೇಳಿದ ಶುಭದೃಷ್ಟಿಯ ಮಾತು ಇದ್ದೇ ಇದೆ.

ಹೆಚ್ಚು ಕಡೆಯಿಂದ ನೋಡಿದರೆ ಎಚ್ಚರಿಕೆ ಹೆಚ್ಚಾಯಿತಲ್ಲ, ನಷ್ಟವೇನು ಎಂಬುದು ಮೂರನೆಯ ಆಕ್ಷೇಪ. ದೋಷಕ್ಕೆ ದೋಷ ಹೊಂದಿಸುವ ನಿಯಮದ ಮೂಲಕ ಇದನ್ನು ಪರೀಕ್ಷಿಸಬಹುದು. ಲಗ್ನದಿಂದ ಮಾತ್ರ ಎಣಿಸಿದರೆ, ಯಾದೃಚ್ಛಿಕವಾಗಿ ತೆಗೆದುಕೊಂಡ ಜೋಡಿಗಳಲ್ಲಿ ಸುಮಾರು 49 ಶೇಕಡ ಹೊಂದುವುದಿಲ್ಲ. ಮೂರು ಕಡೆಯಿಂದ ಎಣಿಸಿದರೆ ಹೊಂದದವು ಸುಮಾರು 32 ಶೇಕಡ ಮಾತ್ರ, ಏಕೆಂದರೆ ಬಹುತೇಕ ಎಲ್ಲರಿಗೂ ದೋಷವಿರುತ್ತದೆ. ಹೆಚ್ಚು ಬಿಗಿ ಎಂದು ತೋರುವ ಪದ್ಧತಿ ಸಂಬಂಧಗಳನ್ನು ಹೆಚ್ಚು ಸುಲಭವಾಗಿ ಒಪ್ಪುತ್ತದೆ. ತೊಂದರೆಗೆ ಸಿಲುಕುವವರು ದೋಷವೇ ಇಲ್ಲದ ಐದನೆಯ ಒಂದು ಪಾಲು ಜನ, ಏಕೆಂದರೆ ಅವರಿಗೆ ಹೊಂದುವವರು ಐವರಲ್ಲಿ ಒಬ್ಬರು ಮಾತ್ರ. ಎಚ್ಚರಿಕೆ ಹೆಚ್ಚಲಿಲ್ಲ. ಹೆಚ್ಚಿದ್ದು ದೋಷ ಎಂಬ ಹಣೆಪಟ್ಟಿ, ಶಾಂತಿ ಮಾಡಿಸುವ ಖರ್ಚು, ಮತ್ತು ಹೆಣ್ಣಿನ ಮನೆಯವರ ಆತಂಕ. ಹುಡುಗನ ಜಾತಕದ ದೋಷ ಮಾತಿನಲ್ಲಿ ಮುಗಿದುಹೋಗುತ್ತದೆ, ಹುಡುಗಿಯ ಜಾತಕದ ದೋಷ ಊರಿಗೆಲ್ಲ ತಿಳಿಯುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು.

ಈ ಪದ್ಧತಿಗಳಲ್ಲಿ ಯಾವುದು ಜೀವನದಲ್ಲಿ ನಿಜವಾಗುತ್ತದೆ ಎಂದು ತೂಗಿ ನೋಡಲು ಬೇಕಾದ ದಾಖಲೆಯನ್ನು ಯಾವ ಪಕ್ಷವೂ ಇಟ್ಟುಕೊಂಡು ಬಂದಿಲ್ಲ. ದೋಷ ಹೇಳಿದ ಜೋಡಿಗಳು, ಹೇಳದ ಜೋಡಿಗಳು, ಇಪ್ಪತ್ತು ವರ್ಷಗಳ ನಂತರ ಹೇಗಿದ್ದಾರೆ ಎಂದು ಎಣಿಸದ ತನಕ ಲಗ್ನವೋ ಶುಕ್ರನೋ ಎಂಬ ಜಗಳವನ್ನು ಅನುಭವ ತೀರಿಸಲಾರದು. ಅದನ್ನು ಗ್ರಂಥ ಮತ್ತು ತರ್ಕದಿಂದಲೇ ತೀರಿಸಬೇಕು. ಆ ತಕ್ಕಡಿಯಲ್ಲಿ ಲಗ್ನ ಮೊದಲು, ಹೊತ್ತು ತಿಳಿಯದಾಗ ಚಂದ್ರ, ಶುಕ್ರನಿಂದ ಪ್ರತ್ಯೇಕ ದೋಷವಿಲ್ಲ ಎಂಬುದು ನನ್ನ ತೀರ್ಮಾನ. ಒಪ್ಪದವರು ಇರಬಹುದು. ಆದರೆ ಜಾತಕ ನೋಡುವ ಎಲ್ಲರಲ್ಲಿ ಒಂದು ವಿನಂತಿ: ಕುಜದೋಷ ಇದೆ ಎಂದು ಬರೆದುಕೊಡುವಾಗ ಅದೇ ಕಾಗದದಲ್ಲಿ ಎಲ್ಲಿಂದ ಎಣಿಸಿದಿರಿ, ಎಷ್ಟನೆಯ ಮನೆ, ರಾಶಿಯೋ ಭಾವವೋ, ಯಾವ ಅಯನಾಂಶ, ಯಾವ ಅಪವಾದಗಳನ್ನು ನೋಡಿದಿರಿ ಎಂಬುದನ್ನೂ ಬರೆಯಿರಿ. ಜಾತಕ ತೋರಿಸಲು ಹೋಗುವ ತಂದೆತಾಯಿಗಳೂ ಇದನ್ನು ಕೇಳಿ ಬರೆಸಿಕೊಳ್ಳಿ. ಇಷ್ಟನ್ನೂ ಬರೆಯದ ಚೀಟಿಯನ್ನು ನಂಬಿ ಒಳ್ಳೆಯ ಸಂಬಂಧವನ್ನು ಬಿಡಬೇಡಿ.